ನಲವತ್ತು ಸಾವಿರದ ನೂರ ನಲವತ್ತು ರೂಪಾಯಿ: ಚಿಕ್ಕಮಗಳೂರಿನ ಅಂಗಡಿಯೊಂದರ ಸಸ್ಪೆನ್ಸ್ ಖಾತೆಯ ಪ್ರಕರಣ

ಚಿಕ್ಕಮಗಳೂರಿನಲ್ಲಿ ಕಾಫಿ ತೋಟಗಳಿಗೆ ಗೊಬ್ಬರ, ಔಷಧಿ, ಪೈಪು, ಸ್ಪ್ರೇಯರ್, ಗೋಣಿಚೀಲ, ಟಾರ್ಪಾಲು ಒದಗಿಸುವ ಒಂದು ಅಂಗಡಿಯ ಲೆಕ್ಕವನ್ನು ನೋಡಿಕೊಡಬೇಕೆಂದು 2023ರ ಜೂನ್‌ನಲ್ಲಿ ನನಗೆ ಕರೆ ಬಂದಿತ್ತು. ಅಲ್ಲಿ 31 ಮಾರ್ಚ್ 2023ರವರೆಗೆ ಲೆಕ್ಕವನ್ನು ಕೈಬರಹದ ಪುಸ್ತಕಗಳಲ್ಲೇ ಇಟ್ಟಿದ್ದರು. ಏಪ್ರಿಲ್ 1ರಿಂದ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶಕ್ಕೆ ಬದಲಾಗಿದ್ದರು. ಹಳೆಯ ಲೆಡ್ಜರಿನ ಶಿಲ್ಕುಗಳನ್ನು ಟ್ಯಾಲಿಗೆ ಆರಂಭಿಕ ಶಿಲ್ಕಾಗಿ ಏರಿಸಿದ ದಿನವೇ ಪರದೆಯ ಮೇಲೆ Difference in opening balances ಎಂಬ ಸಾಲು 40,140 ರೂಪಾಯಿಯೊಂದಿಗೆ ಕಾಣಿಸಿಕೊಂಡಿತ್ತು. ಎಲ್ಲ ಖಾತೆಗಳ ಶಿಲ್ಕುಗಳನ್ನು ಡೆಬಿಟ್, ಕ್ರೆಡಿಟ್ ಎಂದು ಎರಡು ಬದಿಗೆ ಬರೆದು ಕೂಡಿಸುವ ಕೈಬರಹದ ತಾಳೆಪಟ್ಟಿಯಲ್ಲೂ ಅಷ್ಟೇ ವ್ಯತ್ಯಾಸವಿತ್ತು: ಕ್ರೆಡಿಟ್ ಬದಿಯ ಮೊತ್ತ ಡೆಬಿಟ್ ಬದಿಗಿಂತ 40,140 ರೂಪಾಯಿ ಹೆಚ್ಚು. ಲೆಕ್ಕ ಬರೆಯುವ ತರುಣ ಗುಮಾಸ್ತರು, ಕಾರಣ ತಿಳಿಯದ ಮೊತ್ತವನ್ನು ತಾತ್ಕಾಲಿಕವಾಗಿ ಇಡುವ Suspense A/c ಗುಂಪಿನಡಿ ಒಂದು ಖಾತೆ ತೆರೆದು, ಅದಕ್ಕೆ 40,140 ರೂಪಾಯಿ ಡೆಬಿಟ್ ಶಿಲ್ಕು ಕೊಟ್ಟರು. ವ್ಯತ್ಯಾಸದ ಸಾಲು ಪರದೆಯಿಂದ ಮಾಯವಾಯಿತು, ಯಜಮಾನರಿಗೆ ಸಮಾಧಾನವಾಯಿತು. ವ್ಯತ್ಯಾಸ ಮಾತ್ರ ಹಾಗೆಯೇ ಉಳಿದಿತ್ತು, ಅದಕ್ಕೊಂದು ಹೆಸರು ಬಂದಿತ್ತಷ್ಟೆ.

ಟ್ಯಾಲಿಯಲ್ಲಿ ಡೆಬಿಟ್ಟೂ ಕ್ರೆಡಿಟ್ಟೂ ಸಮವಾಗದ ವೋಚರನ್ನು ಉಳಿಸಲು ಬರುವುದಿಲ್ಲ. ಆದರೆ ಆರಂಭಿಕ ಶಿಲ್ಕನ್ನು ಒಂದೊಂದು ಖಾತೆಗೆ ಪ್ರತ್ಯೇಕವಾಗಿ ಕೊಡುವುದರಿಂದ ಅಲ್ಲಿ ಈ ತಡೆಯಿಲ್ಲ. ಹಳೆಯ ಪುಸ್ತಕದ ಏಕಪಕ್ಷೀಯ ತಪ್ಪುಗಳೆಲ್ಲ ಆ ಬಾಗಿಲಿನಿಂದ ಒಳಗೆ ಬರುತ್ತವೆ. ಕೈಬರಹದ ಪುಸ್ತಕದಲ್ಲಿ ಅಂಥ ತಪ್ಪು ಹುಟ್ಟುವುದಕ್ಕೂ ಸ್ಪಷ್ಟ ಕಾರಣವಿದೆ. ಒಂದು ಉದ್ರಿ ಬಿಲ್ಲನ್ನು ಮಾರಾಟ ಪುಸ್ತಕದಲ್ಲಿ ಬರೆದ ಮೇಲೆ, ಗಿರಾಕಿಯ ಖಾತೆಗೆ ಅದು ಅಂದೇ ಡೆಬಿಟ್ ಆಗುತ್ತದೆ, ಆದರೆ ಮಾರಾಟ ಖಾತೆಗೆ ಕ್ರೆಡಿಟ್ ಆಗುವುದು ತಿಂಗಳ ಕೊನೆಯಲ್ಲಿ, ಉಳಿದ ಬಿಲ್ಲುಗಳ ಜೊತೆಗೆ ಒಂದೇ ಮೊತ್ತವಾಗಿ. ಒಂದೇ ವ್ಯವಹಾರದ ಎರಡು ಮುಖಗಳು ಬೇರೆ ಬೇರೆ ದಿನ, ಬೇರೆ ಬೇರೆ ಕೆಲಸವಾಗಿ ಲೆಡ್ಜರಿಗೆ ಹೋಗುತ್ತವೆ. ಇವುಗಳಲ್ಲಿ ಒಂದು ಕೈತಪ್ಪಿದರೆ ಇನ್ನೊಂದು ಒಂಟಿಯಾಗಿ ನಿಲ್ಲುತ್ತದೆ. ಈ ಅಂಗಡಿಯಲ್ಲಿ ಬಹಳ ವರ್ಷ ಲೆಕ್ಕ ಬರೆದಿದ್ದ ಹಿರಿಯ ಗುಮಾಸ್ತರು ಫೆಬ್ರವರಿಯ ನಡುವೆ ಆರೋಗ್ಯ ಸರಿಯಿಲ್ಲದೆ ಕೆಲಸ ಬಿಟ್ಟಿದ್ದರು. ಆ ತಿಂಗಳ ಕೊನೆಯ ಕೆಲಸಗಳು ಹೊಸಬರ ಕೈಗೆ ಬಂದಿದ್ದವು.

ನಾನು ನೋಡಿದ ದಿನ ಸಸ್ಪೆನ್ಸ್ ಖಾತೆಯ ಶಿಲ್ಕು 40,140 ಆಗಿರಲಿಲ್ಲ, 25,140 ಆಗಿತ್ತು. ತಪ್ಪೇನಾದರೂ ಸಿಕ್ಕಿರಬಹುದೇ ಎಂದು ಕೇಳಿದೆ. ಇಲ್ಲ. ಏಪ್ರಿಲ್‌ನಲ್ಲಿ ಬ್ಯಾಂಕಿಗೆ ಯಾರೋ 15,000 ರೂಪಾಯಿ ಕಳಿಸಿದ್ದು, ಯಾರೆಂದು ತಿಳಿಯದೆ ಅದನ್ನೂ ಇದೇ ಖಾತೆಗೆ ಕ್ರೆಡಿಟ್ ಮಾಡಿದ್ದರು. ಇದು ಹಲವು ಕಡೆ ನಡೆಯುವ ಅಭ್ಯಾಸ, ಮತ್ತು ಹುಡುಕಾಟವನ್ನು ಕೆಡಿಸುವ ಅಭ್ಯಾಸ. ಗುರುತು ಸಿಗದ ಜಮೆಗೆ ಡೆಬಿಟ್ಟೂ ಇದೆ, ಕ್ರೆಡಿಟ್ಟೂ ಇದೆ; ಅದರ ಹೆಸರಷ್ಟೇ ತಿಳಿಯಬೇಕು. ತಾಳೆಪಟ್ಟಿಯ ವ್ಯತ್ಯಾಸಕ್ಕೆ ಇನ್ನೊಂದು ಬದಿಯೇ ಇಲ್ಲ. ಎರಡನ್ನೂ ಒಂದೇ ಖಾತೆಯಲ್ಲಿ ಬೆರೆಸಿದರೆ ಉಳಿಯುವ ಅಂಕಿ ಯಾವುದರ ಸುಳಿವೂ ಆಗಿರುವುದಿಲ್ಲ. ಮೊದಲ ಕೆಲಸವಾಗಿ ಆ 15,000 ರೂಪಾಯಿಯನ್ನು "ಗುರುತಿಸದ ಜಮೆ" ಎಂಬ ಬೇರೆ ಖಾತೆಗೆ ವರ್ಗಾಯಿಸಿ, ಸಸ್ಪೆನ್ಸ್ ಖಾತೆಯನ್ನು ಮತ್ತೆ 40,140ಕ್ಕೆ ತಂದು ನಿಲ್ಲಿಸಿದೆ.

ತರುಣ ಗುಮಾಸ್ತರು ಅದಕ್ಕೂ ಮೊದಲೇ ನಾಲ್ಕು ದಿನ ಶ್ರಮಪಟ್ಟಿದ್ದರು, ಕ್ರಮವೂ ತಪ್ಪಾಗಿರಲಿಲ್ಲ. ತಾಳೆಪಟ್ಟಿಯ ಕೂಡಿಕೆಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಎರಡು ಸಲ ನೋಡಿದ್ದರು. 40,140 ರೂಪಾಯಿಯ ಒಂದು ನಮೂದು ಎಲ್ಲಾದರೂ ಇದೆಯೇ ಎಂದು ಹುಡುಕಿದ್ದರು. ಒಂದು ಮೊತ್ತ ತಪ್ಪು ಬದಿಗೆ ಹೋದರೆ ವ್ಯತ್ಯಾಸ ಇಮ್ಮಡಿಯಾಗುತ್ತದೆ ಎಂಬ ಕಾರಣಕ್ಕೆ ಅದರ ಅರ್ಧವಾದ 20,070ನ್ನು ಹುಡುಕಿದ್ದರು. ಕೊನೆಗೆ 40,140ನ್ನು ಒಂಬತ್ತರಿಂದ ಭಾಗಿಸಿದಾಗ ಶೇಷವಿಲ್ಲದೆ 4,460 ಬಂದದ್ದರಿಂದ, ಅಂಕಿಗಳು ಅದಲುಬದಲಾಗಿವೆ ಎಂದು ತೀರ್ಮಾನಿಸಿ ಲೆಡ್ಜರಿನ ಪುಟಪುಟವನ್ನೂ ಅದೇ ದೃಷ್ಟಿಯಿಂದ ನೋಡಿದ್ದರು. ಎರಡು ಅಂಕಿಗಳು ಸ್ಥಾನ ಬದಲಿಸಿದರೆ ವ್ಯತ್ಯಾಸ ಒಂಬತ್ತರಿಂದ ಭಾಗವಾಗುತ್ತದೆ ಎಂಬುದು ನಿಜ. ಆದರೆ ಒಂಬತ್ತರಿಂದ ಭಾಗವಾಗುವ ಸಂಖ್ಯೆಗಳು ಒಂಬತ್ತರಲ್ಲಿ ಒಂದು ಪಾಲು ಸಿಕ್ಕೇ ಸಿಗುತ್ತವೆ. ಹಲವು ತಪ್ಪುಗಳು ಕೂಡಿ ಕಳೆದು ಉಳಿದ ಮೊತ್ತವೂ ಅಕಸ್ಮಾತ್ತಾಗಿ ಹಾಗೆ ಇರಬಹುದು. ಈ ಮೂರೂ ಪರೀಕ್ಷೆಗಳು ತಪ್ಪು ಒಂದೇ ಒಂದಿದ್ದಾಗ ಮಾತ್ರ ಕೆಲಸ ಮಾಡುತ್ತವೆ. ಇಲ್ಲಿ ತಪ್ಪು ಒಂದೇ ಎಂದು ಯಾರೂ ಹೇಳಿರಲಿಲ್ಲ.

"ವರ್ಷಕ್ಕೆ ಕೋಟಿ ರೂಪಾಯಿ ವ್ಯಾಪಾರ ಸಾರ್, ನಲವತ್ತು ಸಾವಿರ ಏನು ಮಹಾ, ಖರ್ಚಿಗೆ ಹಾಕಿ ಮುಗಿಸಿಬಿಡಿ" ಎಂದರು ಯಜಮಾನರು. ಅದರ ಅರ್ಥವೇನೆಂದು ಆಗ ನಾನೂ ಅಂಕಿಗಳಲ್ಲಿ ಹೇಳಬಲ್ಲವನಾಗಿರಲಿಲ್ಲ. ಒಂದು ವಾರ ಕೊಡಿ ಎಂದೆ.

ಮೊತ್ತವನ್ನು ಬೆನ್ನಟ್ಟುವುದನ್ನು ಬಿಟ್ಟು, ತಪ್ಪು ಇರಬಹುದಾದ ಜಾಗವನ್ನು ಕಿರಿದು ಮಾಡುತ್ತ ಹೋಗುವುದು ನಾನು ಹಿಡಿದ ದಾರಿ. ಹಿಂದಿನ ವರ್ಷದ ಆಸ್ತಿ ಜವಾಬ್ದಾರಿ ಪಟ್ಟಿ ಸರಿಯಾಗಿ ತಾಳೆಯಾಗಿತ್ತು. ಅದರ ಒಂದೊಂದು ಶಿಲ್ಕೂ 1 ಏಪ್ರಿಲ್ 2022ರಂದು ಲೆಡ್ಜರಿಗೆ ಹಾಗೆಯೇ ಬಂದಿದೆಯೇ ಎಂದು ಗುರುತು ಹಾಕಿಕೊಂಡು ನೋಡಿದೆವು. ಎಲ್ಲವೂ ಬಂದಿದ್ದವು. ಅಲ್ಲಿಗೆ ತಪ್ಪು ಈ ಹನ್ನೆರಡು ತಿಂಗಳುಗಳಲ್ಲೇ ಇದೆ ಎಂದಾಯಿತು. ಇನ್ನು ಲೆಡ್ಜರಿನ ಸುಮಾರು ಇನ್ನೂರು ಖಾತೆಗಳಲ್ಲಿ ನೂರೈವತ್ತಕ್ಕೂ ಹೆಚ್ಚು ಖಾತೆಗಳು ಗಿರಾಕಿಗಳವು. ಹಾಗಾಗಿ ಎಲ್ಲಕ್ಕಿಂತ ಮೊದಲು ಆ ಗುಂಪನ್ನು ಒಟ್ಟಾಗಿ ಪರೀಕ್ಷಿಸುವುದು ಸರಿಯೆನಿಸಿತು.

ಗಿರಾಕಿಗಳಿಂದ ಬರಬೇಕಾದ ಒಟ್ಟು ಬಾಕಿಯನ್ನು, ಅವರ ಒಬ್ಬೊಬ್ಬರ ಖಾತೆಯನ್ನು ಮುಟ್ಟದೆ, ಮೂಲ ಪುಸ್ತಕಗಳಿಂದಲೇ ಲೆಕ್ಕ ಹಾಕಬಹುದು. ವರ್ಷದ ಆರಂಭದ ಬಾಕಿ 14,26,310 ರೂಪಾಯಿ. ಮಾರಾಟ ಪುಸ್ತಕದ ಪ್ರಕಾರ ತೆರಿಗೆ ಸೇರಿ ಉದ್ರಿ ಮಾರಾಟ 1,03,48,790. ನಗದು ಪುಸ್ತಕದ ಪ್ರಕಾರ ಗಿರಾಕಿಗಳಿಂದ ನಗದಾಗಿಯೂ ಬ್ಯಾಂಕಿಗೂ ಬಂದದ್ದು 96,71,425. ಬಾಕಿ ತೀರಿಸಿದವರಿಗೆ ಬಿಟ್ಟ ರಿಯಾಯಿತಿ 58,260. ಗಿರಾಕಿಗಳು ಹಿಂದಿರುಗಿಸಿದ ಸರಕು 42,180. ಮೊದಲಿನ ಎರಡನ್ನು ಕೂಡಿಸಿ ಉಳಿದ ಮೂರನ್ನು ಕಳೆದರೆ, ವರ್ಷದ ಕೊನೆಗೆ ಬಾಕಿ 20,03,235 ಇರಬೇಕು. ತಾಳೆಪಟ್ಟಿಗೆ ಜೋಡಿಸಿದ್ದ ಬಾಕಿದಾರರ ಪಟ್ಟಿಯ ಮೊತ್ತ 19,79,800 ಇತ್ತು. ಅಂದರೆ ಪಟ್ಟಿಯಲ್ಲಿ 23,435 ರೂಪಾಯಿ ಕಡಿಮೆ.

ಇಲ್ಲಿ ಒಂದು ಸೂಕ್ಷ್ಮವಿದೆ. ರಿಯಾಯಿತಿಯ 58,260 ರೂಪಾಯಿಯನ್ನು ನಾನು ನಗದು ಪುಸ್ತಕದ ರಿಯಾಯಿತಿ ಅಂಕಣದಿಂದ, ತಿಂಗಳು ತಿಂಗಳ ಮೊತ್ತಗಳನ್ನು ಕೂಡಿಸಿ ತೆಗೆದುಕೊಂಡಿದ್ದೆ. ತರುಣ ಗುಮಾಸ್ತರು ಅದೇ ಅಂಕಿಯನ್ನು ಲೆಡ್ಜರಿನ ರಿಯಾಯಿತಿ ಖಾತೆಯಿಂದ ಬರೆದುಕೊಂಡಿದ್ದರು, ಮತ್ತು ಅವರ ಕಾಗದದಲ್ಲಿ ಅದು 51,415 ಇತ್ತು. ಅವರ ಅಂಕಿಯನ್ನು ಹಿಡಿದಿದ್ದರೆ ಪಟ್ಟಿಯಲ್ಲಿ 30,280 ರೂಪಾಯಿ ಕಡಿಮೆಯೆಂದು ತೋರುತ್ತಿತ್ತು, ಎರಡು ಬೇರೆ ಬೇರೆ ತಪ್ಪುಗಳು ಒಂದೇ ಅಂಕಿಯೊಳಗೆ ಮತ್ತೆ ಸೇರಿಹೋಗುತ್ತಿದ್ದವು. ಲೆಡ್ಜರನ್ನು ಪರೀಕ್ಷಿಸಲು ಹೊರಟವರು ಅದೇ ಲೆಡ್ಜರಿನ ಅಂಕಿಯನ್ನು ಅಳತೆಗೋಲು ಮಾಡಿಕೊಳ್ಳಬಾರದು. ಆದರೆ ಅವರ ಈ ತಪ್ಪು ಹೆಜ್ಜೆಯಿಂದ ನಮಗೆ ಲಾಭವೇ ಆಯಿತು. 58,260 ಮತ್ತು 51,415ರ ನಡುವಿನ 6,845 ರೂಪಾಯಿ ಎಲ್ಲಿ ಹೋಯಿತೆಂದು ನೋಡಲು ಹತ್ತು ನಿಮಿಷವೂ ಬೇಕಾಗಲಿಲ್ಲ. ನಗದು ಪುಸ್ತಕದ ಪ್ರತಿ ತಿಂಗಳ ಕೊನೆಯಲ್ಲಿ ರಿಯಾಯಿತಿಯ ಮೊತ್ತದ ಪಕ್ಕದಲ್ಲಿ ಅದನ್ನು ಏರಿಸಿದ ಲೆಡ್ಜರ್ ಪುಟದ ಸಂಖ್ಯೆ ಇತ್ತು. ಫೆಬ್ರವರಿಯ 6,845ರ ಪಕ್ಕ ಮಾತ್ರ ಖಾಲಿ.

ನಗದು ಪುಸ್ತಕದಲ್ಲಿ ರಿಯಾಯಿತಿಯ ಅಂಕಣ ಒಂದು ಟಿಪ್ಪಣಿಯಷ್ಟೆ. ನಗದಿನ ಅಂಕಣಕ್ಕೂ ಬ್ಯಾಂಕಿನ ಅಂಕಣಕ್ಕೂ ಶಿಲ್ಕು ತೆಗೆಯುತ್ತೇವೆ, ಪೆಟ್ಟಿಗೆಯ ಹಣವನ್ನೂ ಪಾಸ್‌ಬುಕ್ಕನ್ನೂ ನೋಡಿ ತಾಳೆ ಮಾಡುತ್ತೇವೆ; ರಿಯಾಯಿತಿಗೆ ಅಂಥ ಕಾವಲಿಲ್ಲ. ಒಬ್ಬ ತೋಟದವರು 24,800 ರೂಪಾಯಿಯ ಬಾಕಿಗೆ 24,500 ಕೊಟ್ಟು 300 ಬಿಡಿಸಿಕೊಂಡರೆ, ಅವರ ಖಾತೆಗೆ ಅಂದೇ 24,800 ಕ್ರೆಡಿಟ್ ಆಗುತ್ತದೆ, ಆದರೆ ಆ 300 ರೂಪಾಯಿ ರಿಯಾಯಿತಿ ಖಾತೆಗೆ ಡೆಬಿಟ್ ಆಗಬೇಕಾದರೆ ತಿಂಗಳ ಕೊನೆಯವರೆಗೆ ಕಾಯಬೇಕು. ಅರೇಬಿಕಾ ಕೊಯ್ಲು ಜನವರಿಯ ಹೊತ್ತಿಗೆ ಮುಗಿದು ಕಾಫಿಯ ದುಡ್ಡು ಕೈಗೆ ಬರುವುದರಿಂದ, ನಮ್ಮ ಕಡೆ ಹಳೆಯ ಉದ್ರಿ ಚುಕ್ತಾ ಆಗುವುದು ಹೆಚ್ಚಾಗಿ ಆ ನಂತರದ ವಾರಗಳಲ್ಲಿ. ಆ ವರ್ಷ ಎಲ್ಲಕ್ಕಿಂತ ಹೆಚ್ಚು ರಿಯಾಯಿತಿ ಬಿಟ್ಟ ತಿಂಗಳೇ ಹಿರಿಯ ಗುಮಾಸ್ತರು ಕೆಲಸ ಬಿಟ್ಟ ತಿಂಗಳೂ ಆಗಿತ್ತು.

ಇನ್ನು 23,435 ರೂಪಾಯಿ. ಹಿಂದಿನ ವರ್ಷದ ಬಾಕಿದಾರರ ಪಟ್ಟಿಯನ್ನೂ ಲೆಡ್ಜರಿನ ಸೂಚಿಯನ್ನೂ ಎದುರಿಗಿಟ್ಟುಕೊಂಡು, ಹೊಸ ಪಟ್ಟಿಯಲ್ಲಿ ಯಾರ ಹೆಸರಿಲ್ಲ ಎಂದು ಒಂದೊಂದಾಗಿ ಗುರುತು ಮಾಡಿದೆವು. ಹೆಸರಿಲ್ಲದವರು ಹನ್ನೊಂದು ಮಂದಿ. ಅವರಲ್ಲಿ ಹತ್ತು ಮಂದಿ ಬಾಕಿ ತೀರಿಸಿದವರು. ಹನ್ನೊಂದನೆಯವರ ಖಾತೆಯ ಪುಟ ಅಕ್ಟೋಬರ್‌ನಲ್ಲಿ ತುಂಬಿ, ಮುಂದಿನ ನಮೂದುಗಳು ಲೆಡ್ಜರಿನ ಕೊನೆಯ ಭಾಗಕ್ಕೆ ಹೋಗಿದ್ದವು. ಹಳೆಯ ಪುಟದ ಅಡಿಯಲ್ಲಿ "ಮುಂದಕ್ಕೆ ಒಯ್ದಿದೆ" ಎಂದು ಬರೆದು ಎರಡು ಗೆರೆ ಎಳೆದಿದ್ದರಿಂದ, ಪಟ್ಟಿ ಮಾಡುವಾಗ ಅದು ಮುಗಿದ ಖಾತೆಯಂತೆ ಕಂಡಿತ್ತು. ಹೊಸ ಪುಟದಲ್ಲಿ ಶಿಲ್ಕು 23,435 ರೂಪಾಯಿ, ಸರಿಯಾಗಿ. ಇದೇ ಗಿರಾಕಿ ಮೇ ತಿಂಗಳಲ್ಲಿ 10,000 ರೂಪಾಯಿ ಕಟ್ಟಿದ್ದರು. ಟ್ಯಾಲಿಯಲ್ಲಿ ಹಳೆಯ ಬಾಕಿ ಇಲ್ಲದ ಕಾರಣ ಅವರು ಅಂಗಡಿಗೆ ಮುಂಗಡ ಕೊಟ್ಟವರಂತೆ ಕ್ರೆಡಿಟ್ ಶಿಲ್ಕು ತೋರಿಸುತ್ತಿತ್ತು. ಉದ್ರಿಯ ಮೇಲೆ ನಡೆಯುವ ಅಂಗಡಿಯಲ್ಲಿ ಗಿರಾಕಿಯ ಖಾತೆ ಕ್ರೆಡಿಟ್ ತೋರಿದರೆ ಅಲ್ಲೇ ನಿಂತು ಕೇಳಬೇಕಿತ್ತು. ಒಂದೂವರೆ ತಿಂಗಳು ಯಾರೂ ಕೇಳಿರಲಿಲ್ಲ.

ಈ ಎರಡು ತಪ್ಪುಗಳಿಗೆ ಪರಿಹಾರ ಒಂದೇ ಅಲ್ಲ. ರಿಯಾಯಿತಿಯ ತಪ್ಪು ಲೆಡ್ಜರಿನೊಳಗೆ ಆದದ್ದು, ಆದ್ದರಿಂದ ಅದಕ್ಕೆ ತಿದ್ದುಪಡಿ ನಮೂದು ಬೇಕು: ರಿಯಾಯಿತಿ ಖಾತೆಗೆ 6,845 ಡೆಬಿಟ್, ಸಸ್ಪೆನ್ಸ್ ಖಾತೆಗೆ 6,845 ಕ್ರೆಡಿಟ್. ಎರಡನೆಯದರಲ್ಲಿ ಗಿರಾಕಿಯ ಖಾತೆ ಲೆಡ್ಜರಿನಲ್ಲಿ ಪೂರ್ತಿ ಸರಿಯಾಗಿಯೇ ಇದೆ. ತಪ್ಪಿದ್ದು ತಾಳೆಪಟ್ಟಿಗೆ ಎತ್ತಿಕೊಳ್ಳುವಾಗ. ಅದಕ್ಕೂ ಗಿರಾಕಿಗೆ ಡೆಬಿಟ್ ಹಾಕಿ ನಮೂದು ಬರೆದರೆ ಅವರ ಪುಟದಲ್ಲಿ ಬಾಕಿ 46,870 ಆಗಿ, ಹೊಸ ತಪ್ಪು ಹುಟ್ಟುತ್ತದೆ. ಪಠ್ಯಪುಸ್ತಕದ ಲೆಕ್ಕಗಳಲ್ಲಿ ಇಂಥ ಲೋಪಕ್ಕೂ ಸಸ್ಪೆನ್ಸ್ ಮೂಲಕ ನಮೂದು ಬರೆಸುವುದುಂಟು, ಆದರೆ ಕೈಯಲ್ಲಿ ಲೆಡ್ಜರ್ ಇಟ್ಟುಕೊಂಡು ಕೆಲಸ ಮಾಡುವವರು ಹಾಗೆ ಮಾಡಲಾಗದು. ಬಾಕಿದಾರರ ಪಟ್ಟಿಯಲ್ಲಿ ಆ ಹೆಸರನ್ನು ಸೇರಿಸಿ, ತಾಳೆಪಟ್ಟಿಯನ್ನು ತಿದ್ದಿ, ಸಸ್ಪೆನ್ಸ್ ಖಾತೆಯ ಆರಂಭದ ಅಂಕಿಯನ್ನೇ 40,140ರಿಂದ 16,705ಕ್ಕೆ ಇಳಿಸಿದೆವು. ಲೆಡ್ಜರಿನ ನಿಜವಾದ ವ್ಯತ್ಯಾಸ ಮೊದಲಿನಿಂದಲೂ ಅಷ್ಟೇ ಆಗಿತ್ತು. ರಿಯಾಯಿತಿಯ ನಮೂದಿನ ನಂತರ ಉಳಿದದ್ದು 9,860.

ಮುಂದೆ ಸರಬರಾಜುದಾರರ ಗುಂಪು. ಆರಂಭದ ಬಾಕಿಗೆ ಖರೀದಿ ಪುಸ್ತಕದ ಮೊತ್ತ ಕೂಡಿಸಿ, ಕೊಟ್ಟ ಹಣವನ್ನೂ ಹಿಂದಿರುಗಿಸಿದ ಸರಕನ್ನೂ ಕಳೆದಾಗ ನಾವು ಕೊಡಬೇಕಾದದ್ದು 11,37,520 ಬಂತು. ಪಟ್ಟಿಯಲ್ಲಿ 11,56,380 ಇತ್ತು, ಅಂದರೆ 18,860 ರೂಪಾಯಿ ಹೆಚ್ಚು. ಆ ಮೊತ್ತದ ನಮೂದು ಎಲ್ಲೂ ಇರಲಿಲ್ಲ. ಅರ್ಧ ಮಾಡಿದಾಗ 9,430. ಖರೀದಿ ವಾಪಸಾತಿ ಪುಸ್ತಕ ಇಡೀ ವರ್ಷಕ್ಕೆ ಎರಡೂವರೆ ಪುಟ ಮಾತ್ರ. ಜೂನ್‌ನ ಮೂರನೇ ಸಾಲಿನಲ್ಲೇ 9,430 ರೂಪಾಯಿ ಕಂಡಿತು. ಮಳೆಗೆ ಮುಂಚೆ ಬೋರ್ಡೋ ದ್ರಾವಣ ಹೊಡೆಯುವ ಕಾಲಕ್ಕೆಂದು ತರಿಸಿದ ಸ್ಪ್ರೇಯರುಗಳಲ್ಲಿ ಎರಡು ಸೋರುತ್ತಿದ್ದವು, ಅವನ್ನು ಕಂಪನಿಗೆ ವಾಪಸು ಕಳಿಸಿದ್ದರು. ವಾಪಸಾತಿ ಖಾತೆಗೂ ತೆರಿಗೆಯ ಖಾತೆಗೂ ಕ್ರೆಡಿಟ್ ಸರಿಯಾಗಿಯೇ ಹೋಗಿತ್ತು. ಸರಬರಾಜುದಾರರ ಖಾತೆಯಲ್ಲಿ ಮಾತ್ರ, ಅದರ ಮೇಲೂ ಕೆಳಗೂ ಇದ್ದ ಖರೀದಿ ಬಿಲ್ಲುಗಳ ಸಾಲಿನಲ್ಲೇ, ಇದನ್ನೂ ಕ್ರೆಡಿಟ್ ಬದಿಗೆ ಬರೆದುಬಿಟ್ಟಿದ್ದರು. ಇಡೀ ತಾಳೆಪಟ್ಟಿಯ ಮೇಲೆ ಸೋತ ಅರ್ಧದ ಪರೀಕ್ಷೆ, ಒಂದೇ ತಪ್ಪಿದ್ದ ಈ ಸಣ್ಣ ಗುಂಪಿನೊಳಗೆ ಒಂದೇ ಏಟಿಗೆ ಫಲ ಕೊಟ್ಟಿತು.

ಇದನ್ನು ಖಚಿತಪಡಿಸಿಕೊಳ್ಳದೆ ನಮೂದು ಬರೆಯಲು ನನಗೆ ಮನಸ್ಸಾಗಲಿಲ್ಲ. ಆ ಸರಬರಾಜುದಾರರಿಂದ 31 ಮಾರ್ಚ್‌ನ ಖಾತೆ ವಿವರ ತರಿಸಿದಾಗ, ಅವರ ಲೆಕ್ಕದಲ್ಲಿ ನಮ್ಮ ಬಾಕಿ ನಮ್ಮ ಲೆಡ್ಜರಿಗಿಂತ ಸರಿಯಾಗಿ 18,860 ರೂಪಾಯಿ ಕಡಿಮೆ ಇತ್ತು. ಹೊರಗಿನವರ ಪುಸ್ತಕದಿಂದ ಬಂದ ಈ ಸಾಕ್ಷಿಗೆ ನಮ್ಮ ಯಾವ ಮರುಕೂಡಿಕೆಯೂ ಸಮವಲ್ಲ. ನಮೂದು ಹೀಗೆ: ಸರಬರಾಜುದಾರರ ಖಾತೆಗೆ 18,860 ಡೆಬಿಟ್, ಸಸ್ಪೆನ್ಸ್ ಖಾತೆಗೆ ಅಷ್ಟೇ ಕ್ರೆಡಿಟ್. ಇಲ್ಲಿ 9,430 ಮಾತ್ರ ಬರೆದು ನಿಲ್ಲಿಸುವುದು ಸಾಮಾನ್ಯವಾಗಿ ಆಗುವ ಎಡವಟ್ಟು. ಮೊದಲ 9,430 ತಪ್ಪು ಬದಿಯಲ್ಲಿ ಕೂತದ್ದನ್ನು ಅಳಿಸುತ್ತದೆ. ಅದು ಇರಬೇಕಾದ ಬದಿಗೆ ಬರಲು ಇನ್ನೊಂದು 9,430 ಬೇಕು.

ನಮೂದು ಬರೆದ ಕೂಡಲೇ ತರುಣ ಗುಮಾಸ್ತರ ಮುಖ ಬಾಡಿತು. "ಸರ್, ಸೊನ್ನೆ ಆಗಬೇಕಿತ್ತು, ಇದು ಆಚೆ ಬದಿಗೆ ಹೋಯ್ತಲ್ಲ" ಎಂದರು. ನಿಜ, 9,860 ಡೆಬಿಟ್ ಇದ್ದ ಖಾತೆ ಈಗ 9,000 ಕ್ರೆಡಿಟ್ ತೋರಿಸುತ್ತಿತ್ತು. ಹಿಂದೆ ಮಾಡಿದ ತಿದ್ದುಪಡಿಗಳೇ ತಪ್ಪಿರಬಹುದೇ ಎಂಬ ಅನುಮಾನ ಈ ಹಂತದಲ್ಲಿ ಬರುವುದು ಸಹಜ, ಮತ್ತು ಕೆಲವರು ಇಲ್ಲಿ ಹಿಂದಿನ ನಮೂದನ್ನೇ ಕದಲಿಸಿ ಅಂಕಿ ಹೊಂದಿಸಲು ಹೊರಡುತ್ತಾರೆ. ಆದರೆ ಮೂರು ತಪ್ಪುಗಳಿಗೂ ಪುಸ್ತಕದಲ್ಲಿ ಸಾಕ್ಷಿ ಸಿಕ್ಕಿತ್ತು. ಖಾತೆ ಬದಿ ಬದಲಿಸಿದ್ದರ ಅರ್ಥ ಇಷ್ಟೇ: ವಿರುದ್ಧ ದಿಕ್ಕಿನ ಒಂದು ತಪ್ಪು ಮೊದಲಿನಿಂದಲೂ ಈ ಮೂರರ ಒಂದು ಪಾಲನ್ನು ಮುಚ್ಚಿಟ್ಟುಕೊಂಡಿತ್ತು. ಎಲ್ಲೋ 9,000 ರೂಪಾಯಿ ಕ್ರೆಡಿಟ್ ಕಡಿಮೆಯಾಗಿದೆ, ಅಥವಾ ಡೆಬಿಟ್ ಹೆಚ್ಚಾಗಿದೆ.

ಗಿರಾಕಿಗಳ ಗುಂಪೂ ಸರಬರಾಜುದಾರರ ಗುಂಪೂ ಈಗ ತಾಳೆಯಾಗಿದ್ದವು. ನಗದನ್ನೂ ಬ್ಯಾಂಕನ್ನೂ ಮೊದಲೇ ನೋಡಿಯಾಗಿತ್ತು. ಉಳಿದದ್ದು ಮಾರಾಟ, ಖರೀದಿ, ತೆರಿಗೆ ಮತ್ತು ಖರ್ಚಿನ ಕೆಲವು ಖಾತೆಗಳು. ಕ್ರೆಡಿಟ್ ಕಡಿಮೆಯಾಗಿದೆ ಎಂದರೆ ಮೊದಲು ಅನುಮಾನಿಸಬೇಕಾದದ್ದು ಮಾರಾಟ ಖಾತೆಯನ್ನೇ. ಅದಕ್ಕೊಂದು ಸ್ವತಂತ್ರ ಅಳತೆ ಜಿಎಸ್‌ಟಿ ಬಂದ ಮೇಲೆ ಮಾರಾಟದ ರಿಟರ್ನ್ ಸಲ್ಲಿಸುವ ಅಂಗಡಿಗಳಲ್ಲಿ ಸಿದ್ಧವಾಗಿರುತ್ತದೆ, ಆದರೂ ತಾಳೆಪಟ್ಟಿಯ ತಪ್ಪು ಹುಡುಕುವಾಗ ಅದನ್ನು ನೆನೆಯುವವರು ಕಡಿಮೆ. ತಿಂಗಳು ತಿಂಗಳು ಸಲ್ಲಿಸುವ ಮಾರಾಟದ ರಿಟರ್ನಾದ GSTR-1ನ್ನು ಇವರ ತೆರಿಗೆ ಸಲಹೆಗಾರರು ನೇರವಾಗಿ ಬಿಲ್ ಪುಸ್ತಕಗಳಿಂದ ತಯಾರಿಸುತ್ತಿದ್ದರು, ಮಾರಾಟ ಪುಸ್ತಕದಿಂದಲ್ಲ. ಒಂದೇ ಬಿಲ್ಲುಗಳನ್ನು ಎರಡು ಕೈಗಳು ಬೇರೆ ಬೇರೆಯಾಗಿ ಕೂಡಿಸಿದ್ದವು. ನಗದು ಮಾರಾಟ ಮತ್ತು ಉದ್ರಿ ಮಾರಾಟ ಎರಡನ್ನೂ ಸೇರಿಸಿ, ತೆರಿಗೆ ಬಿಟ್ಟು, ನಮ್ಮ ಮಾರಾಟ ಖಾತೆಯ ತಿಂಗಳ ಮೊತ್ತಗಳನ್ನು ರಿಟರ್ನಿನ ಮೊತ್ತಗಳ ಪಕ್ಕ ಬರೆದೆವು. ಹನ್ನೊಂದು ತಿಂಗಳು ಹೊಂದಿದವು. ಡಿಸೆಂಬರ್‌ನಲ್ಲಿ ನಮ್ಮದು 9,000 ರೂಪಾಯಿ ಕಡಿಮೆ.

ಈಗ, ತಪ್ಪು ಒಂದೇ ಉಳಿದಿದೆ ಎಂದು ನಂಬಲು ಕಾರಣವಿರುವಾಗ, ಒಂಬತ್ತರ ಪರೀಕ್ಷೆಗೆ ಅರ್ಥ ಬರುತ್ತದೆ. 9,000ನ್ನು ಒಂಬತ್ತರಿಂದ ಭಾಗಿಸಿದರೆ ಒಂದು ಸಾವಿರ. ಪಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾಗಿದ್ದರೆ, ಈ ಭಾಗಲಬ್ಧ ಅವು ಯಾವ ಸ್ಥಾನದವು, ಅವುಗಳ ನಡುವಿನ ಅಂತರ ಎಷ್ಟು ಎಂಬುದನ್ನು ಹೇಳುತ್ತದೆ: ಇಲ್ಲಿ ಸಾವಿರದ ಮತ್ತು ಹತ್ತು ಸಾವಿರದ ಸ್ಥಾನ, ಅಂತರ ಒಂದು. ಡಿಸೆಂಬರ್‌ನ ಮಾರಾಟ ಪುಸ್ತಕದಲ್ಲಿ ತೆರಿಗೆಗೆ ಮುಂಚಿನ ಬೆಲೆಯ ಅಂಕಣದ ಒಂದು ಪುಟದ ಅಡಿಯಲ್ಲಿ 3,87,650 ಎಂದಿತ್ತು. ಹಾಳೆ ಮಗುಚಿದರೆ ಮುಂದಿನ ಪುಟದ ತಲೆಯಲ್ಲಿ 3,78,650. ತೆರಿಗೆಯ ಅಂಕಣವನ್ನೂ ಒಟ್ಟು ಮೊತ್ತದ ಅಂಕಣವನ್ನೂ ಸರಿಯಾಗಿಯೇ ಒಯ್ದಿದ್ದರು, ಹಾಗಾಗಿ ಗಿರಾಕಿಗಳ ಒಟ್ಟು ಲೆಕ್ಕದಲ್ಲಿ ಈ ತಪ್ಪು ಕಾಣಲಿಲ್ಲ. ತಿಂಗಳ ಕೊನೆಯಲ್ಲಿ ಬೆಲೆಗೆ ತೆರಿಗೆಯನ್ನು ಅಡ್ಡಲಾಗಿ ಕೂಡಿಸಿ ಒಟ್ಟು ಅಂಕಣಕ್ಕೆ ಹೋಲಿಸಿದ್ದರೆ ಅದೇ ದಿನ ಸಿಗುತ್ತಿತ್ತು. ಸಸ್ಪೆನ್ಸ್ ಖಾತೆಗೆ 9,000 ಡೆಬಿಟ್, ಮಾರಾಟ ಖಾತೆಗೆ 9,000 ಕ್ರೆಡಿಟ್ ಬರೆದಾಗ ಖಾತೆ ಸೊನ್ನೆಯಾಯಿತು. ಬಿಲ್ಲುಗಳೂ ರಿಟರ್ನೂ ಮೊದಲೇ ಸರಿಯಿದ್ದುದರಿಂದ ತೆರಿಗೆ ಇಲಾಖೆಗೆ ತಿದ್ದುಪಡಿ ಸಲ್ಲಿಸುವ ಅಗತ್ಯ ಬೀಳಲಿಲ್ಲ.

ಯಜಮಾನರು ಹೇಳಿದಂತೆ ಖರ್ಚಿಗೆ ಹಾಕಿದ್ದರೆ ಏನಾಗುತ್ತಿತ್ತೆಂದು ಈಗ ಲೆಕ್ಕ ತೋರಿಸಬಹುದಾಗಿತ್ತು. ನಾಲ್ಕು ತಪ್ಪುಗಳಲ್ಲಿ ಲಾಭಕ್ಕೆ ತಾಕುವಂಥವು ಎರಡೇ: ರಿಯಾಯಿತಿಯಿಂದ ಲಾಭ 6,845 ಇಳಿಯುತ್ತದೆ, ಮಾರಾಟದಿಂದ 9,000 ಏರುತ್ತದೆ, ಒಟ್ಟಿನಲ್ಲಿ ಲಾಭ 2,155 ಹೆಚ್ಚು. ಖರ್ಚು ಬರೆದಿದ್ದರೆ ಅದೇ ಲಾಭ 40,140 ಇಳಿಯುತ್ತಿತ್ತು, ಅಂದರೆ ನಿಜಕ್ಕಿಂತ 42,295 ಕಡಿಮೆ. ಆ 42,295 ಯಾವುದೆಂದರೆ, ಪಟ್ಟಿಯಿಂದ ಬಿಟ್ಟುಹೋದ ಗಿರಾಕಿಯ 23,435 ಮತ್ತು ಸರಬರಾಜುದಾರರಿಗೆ ಕೊಡಬೇಕಿಲ್ಲದ 18,860. ಒಂದನ್ನು ಕೇಳುತ್ತಲೇ ಇರಲಿಲ್ಲ, ಇನ್ನೊಂದನ್ನು ಹೆಚ್ಚಾಗಿ ಕೊಟ್ಟುಬಿಡುತ್ತಿದ್ದರು. ಸರಬರಾಜುದಾರರಿಗೆ ಜುಲೈಯಲ್ಲಿ ಪೂರ್ತಿ ಬಾಕಿ ಕೊಡಲೆಂದು ಚೆಕ್ ಬರೆಸಿಟ್ಟಿದ್ದರು. ಅದನ್ನು ರದ್ದು ಮಾಡಿ ಸರಿಯಾದ ಮೊತ್ತಕ್ಕೆ ಬರೆದರು.

2022-23ರ ಅಂತಿಮ ಲೆಕ್ಕಕ್ಕೆ ಇನ್ನೂ ಸಹಿಯಾಗಿರಲಿಲ್ಲ. ಆದ್ದರಿಂದ ಮೂರು ನಮೂದುಗಳನ್ನೂ ಹಳೆಯ ಪುಸ್ತಕದಲ್ಲೇ 31 ಮಾರ್ಚ್ 2023ರ ದಿನಾಂಕಕ್ಕೆ, ಯಾವ ಪುಸ್ತಕದ ಯಾವ ಪುಟದ ತಪ್ಪೆಂಬ ವಿವರಣೆಯೊಂದಿಗೆ ಬರೆದೆವು. ಸಹಿಯಾಗಿದ್ದರೆ ಹಾಗೆ ಮಾಡುವಂತಿರಲಿಲ್ಲ. ರಿಯಾಯಿತಿ ಮತ್ತು ಮಾರಾಟದ ತಿದ್ದುಪಡಿಗಳನ್ನು ಹೊಸ ವರ್ಷದ ರಿಯಾಯಿತಿಗೂ ಮಾರಾಟಕ್ಕೂ ಬೆರೆಸದೆ, ಲಾಭ ನಷ್ಟ ಹೊಂದಾಣಿಕೆ ಖಾತೆಯ ಮೂಲಕ ತರಬೇಕಾಗುತ್ತಿತ್ತು. ಟ್ಯಾಲಿಯಲ್ಲಿ ಈ ನಮೂದುಗಳನ್ನು ಮತ್ತೆ ಬರೆಯಲಿಲ್ಲ. ಅಲ್ಲಿ ಆರಂಭಿಕ ಶಿಲ್ಕುಗಳನ್ನು ಮಾತ್ರ ತಿದ್ದಿದೆವು: ಬಿಟ್ಟುಹೋದ ಗಿರಾಕಿಗೆ 23,435 ಕೊಟ್ಟು, ಸರಬರಾಜುದಾರರ ಬಾಕಿಯಲ್ಲಿ 18,860 ಇಳಿಸಿ, ಯಜಮಾನರ ಬಂಡವಾಳಕ್ಕೆ ಹೆಚ್ಚಿದ ಲಾಭದ 2,155 ಸೇರಿಸಿ, ಸಸ್ಪೆನ್ಸ್ ಖಾತೆಯ ಆರಂಭಿಕ ಶಿಲ್ಕನ್ನು ತೆಗೆದುಹಾಕಿದೆವು. ಈ ಬಾರಿ Difference in opening balances ಎಂಬ ಸಾಲು ಮತ್ತೆ ಬರಲಿಲ್ಲ.

ಇದಾದ ಮೂರನೇ ದಿನ ಆಲ್ದೂರು ಕಡೆಯ ತೋಟದವರೊಬ್ಬರು ಅಂಗಡಿಗೆ ಬಂದು, ತಮ್ಮ ಖಾತೆಯಲ್ಲಿ ತಾವು ಕೊಳ್ಳದ 12,300 ರೂಪಾಯಿಯ ಪೈಪಿನ ಬಿಲ್ಲು ಸೇರಿದೆ ಎಂದರು. ಮೂಡಿಗೆರೆ ಕಡೆ ಅವರದೇ ಹೆಸರಿನ ಇನ್ನೊಬ್ಬ ಗಿರಾಕಿ ಇದ್ದರು, ಬಿಲ್ಲು ಅವರದು. ತರುಣ ಗುಮಾಸ್ತರು ಅಭ್ಯಾಸಬಲದಿಂದ ಸಸ್ಪೆನ್ಸ್ ಖಾತೆಯನ್ನೇ ತೆರೆದರು. ಅದನ್ನು ಮುಚ್ಚಿಸಿದೆ. ಒಬ್ಬರಿಗೆ ಬೀಳಬೇಕಾದ ಡೆಬಿಟ್ ಇನ್ನೊಬ್ಬರಿಗೆ ಬಿದ್ದಿದೆ, ಎರಡು ಬದಿಯೂ ಸಮವಾಗಿಯೇ ಇದೆ. ಇದು ತಾಳೆಪಟ್ಟಿಯಲ್ಲಾಗಲಿ, ಗಿರಾಕಿಗಳ ಒಟ್ಟು ಲೆಕ್ಕದಲ್ಲಾಗಲಿ ಎಂದಿಗೂ ಕಾಣುವ ತಪ್ಪಲ್ಲ. ಮೂಡಿಗೆರೆಯವರಿಗೆ 12,300 ಡೆಬಿಟ್, ಆಲ್ದೂರಿನವರಿಗೆ 12,300 ಕ್ರೆಡಿಟ್ ಎಂದು ನೇರವಾಗಿ ಬರೆಸಿ, ಇಬ್ಬರಿಗೂ ಹೊಸ ಖಾತೆ ವಿವರ ಕಳಿಸಲಾಯಿತು. ಟ್ಯಾಲಿಯಲ್ಲಿ ಇಬ್ಬರ ಹೆಸರಿನ ಮುಂದೆಯೂ ಈಗ ಊರಿನ ಹೆಸರಿದೆ.